ಇಲ್ಲದ ಕೀಗಾಗಿ ಏಳು ಬಾರಿ ಡಿಸ್ಕಿಗೆ ಹೋಗುವುದೇಕೆ?

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಒಂದು ಪಾರ್ಸೆಲ್ ಕಂಪನಿಯ ಸಾಫ್ಟ್‌ವೇರ್ ತಂಡದಲ್ಲಿದ್ದೇನೆ. ಭಿವಂಡಿಯ ಗೋಡೌನಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಆದಾಗಲೆಲ್ಲ ಅದರ ನಂಬರು ಮೊದಲೇ ದಾಖಲಾಗಿದೆಯೇ ಎಂದು ರಾಕ್ಸ್‌ಡಿಬಿ ಡೇಟಾಬೇಸಿನಲ್ಲಿ `Seek` ಮಾಡಿ ನೋಡುತ್ತೇವೆ. ಸುಮಾರು 8 ಕೋಟಿ ದಾಖಲೆಗಳಿವೆ, ನಂಬರುಗಳಿಗೆ ಯಾವ ಕ್ರಮವೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಉತ್ತರ ‘ಇಲ್ಲ’ ಎಂದೇ ಬರುತ್ತದೆ, ಆದರೂ ಡಿಸ್ಕಿಗೆ ಬಿಡುವೇ ಇಲ್ಲ. ಬ್ಲೂಮ್ ಫಿಲ್ಟರ್ ಹಾಕಿ ಎಂದರು, ಹಾಕಿದೆ, ಏನೂ ಬದಲಾಗಲಿಲ್ಲ. ಅಷ್ಟಕ್ಕೂ ಆಗಾಗ ತಪ್ಪು ಉತ್ತರ ಕೊಡುವ ವಸ್ತುವನ್ನು ಡೇಟಾಬೇಸಿನಲ್ಲಿ ನಂಬುವುದು ಹೇಗೆ?

ಉತ್ತರ:

ನಂಬಿಕೆಯ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಅಲ್ಲಿ ಅನುಮಾನ ಉಳಿದರೆ ಮುಂದಿನ ಲೆಕ್ಕವೆಲ್ಲ ಅನುಮಾನದಲ್ಲೇ ಸಾಗುತ್ತದೆ. ಕೇಳಿದ ಕೀ, ಅಂದರೆ ಇಲ್ಲಿ ಪಾರ್ಸೆಲ್ ನಂಬರು, ಒಂದು ಫೈಲಿನಲ್ಲಿ ಇರಬಹುದೇ ಎಂದು ಡಿಸ್ಕಿಗೆ ಹೋಗದೆ ಹೇಳುವ ಬ್ಲೂಮ್ ಫಿಲ್ಟರ್ ತಪ್ಪುವುದು ಒಂದೇ ದಿಕ್ಕಿನಲ್ಲಿ. ಒಂದು ಫೈಲಿನ ಫಿಲ್ಟರ್ ‘ಇಲ್ಲ’ ಎಂದಿತೆಂದರೆ ಆ ಕೀ ಆ ಫೈಲಿನಲ್ಲಿ ಖಂಡಿತವಾಗಿ ಇಲ್ಲ. ‘ಇರಬಹುದು’ ಎಂದರೆ ಇರಲೂಬಹುದು, ಇಲ್ಲದಿರಲೂಬಹುದು. ಈ ಎರಡನೆಯ ಸಂದರ್ಭದಲ್ಲಿ ಡೇಟಾಬೇಸ್ ಫಿಲ್ಟರಿನ ಮಾತನ್ನೇ ಉತ್ತರವೆಂದು ನಿಮಗೆ ಒಪ್ಪಿಸುವುದಿಲ್ಲ, ಡಿಸ್ಕಿಗೆ ಹೋಗಿ ದಾಖಲೆಯನ್ನು ಓದಿ ಖಾತ್ರಿ ಮಾಡಿಕೊಂಡೇ ಉತ್ತರ ಕೊಡುತ್ತದೆ. ಆದ್ದರಿಂದ ಫಿಲ್ಟರಿನ ತಪ್ಪಿಗೆ ನಾವು ತೆರುವುದು ಒಂದು ಅನಗತ್ಯ ಓದಿನ ಬೆಲೆಯನ್ನು ಮಾತ್ರ. ನಿಮ್ಮ ಗೋಡೌನಿನ ಲೆಕ್ಕದಲ್ಲಿ ಅದರಿಂದ ಒಂದು ಪಾರ್ಸೆಲ್ ಕೂಡ ಹೆಚ್ಚು ಕಡಿಮೆಯಾಗುವುದಿಲ್ಲ.

ಇನ್ನು ಫಿಲ್ಟರ್ ಹಾಕಿದರೂ ಏನೂ ಬದಲಾಗದಿದ್ದುದಕ್ಕೆ ಕಾರಣ ನಿಮ್ಮ ಪ್ರಶ್ನೆಯ `Seek` ಎಂಬ ಪದದಲ್ಲಿಯೇ ಇದೆ. ಅಲ್ಲಿಗೆ ಬರುವ ಮುನ್ನ ಡಿಸ್ಕಿಗೆ ಈ ಹೊರೆ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಬೇಕು.

ರಾಕ್ಸ್‌ಡಿಬಿ ಹೊಸ ದಾಖಲೆಯನ್ನು ನೇರವಾಗಿ ಡಿಸ್ಕಿನ ಒಂದು ನಿಶ್ಚಿತ ಜಾಗದಲ್ಲಿ ಇಡುವುದಿಲ್ಲ. ಮೊದಲು ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಅಲ್ಲಿ ಸಾಕಷ್ಟು ತುಂಬಿದ ಮೇಲೆ ಎಲ್ಲವನ್ನೂ ಕೀಗಳ ಕ್ರಮದಲ್ಲಿ ಜೋಡಿಸಿ ಒಂದು ಫೈಲಾಗಿ ಬರೆಯುತ್ತದೆ. ಒಮ್ಮೆ ಬರೆದ ಫೈಲನ್ನು ಅದು ಮತ್ತೆ ತಿದ್ದುವುದಿಲ್ಲ. ಇಂಥ ಹೊಸ ಫೈಲುಗಳು ಸೊನ್ನೆಯ ಮಟ್ಟದಲ್ಲಿ ಸೇರುತ್ತಾ ಹೋಗಿ, ನಾಲ್ಕಾದಾಗ ಕೆಳಗಿನ ಮಟ್ಟದ ಫೈಲುಗಳೊಡನೆ ಬೆರೆತು ಹೊಸ ಫೈಲುಗಳಾಗುತ್ತವೆ. ಈ ಬೆರೆಸುವ ಕೆಲಸವನ್ನೇ ಕಂಪ್ಯಾಕ್ಷನ್ ಎನ್ನುತ್ತೇವೆ. ನಿಮ್ಮ ಒಂದೊಂದು ದಾಖಲೆ ಸುಮಾರು 200 ಬೈಟ್ ಇದೆ ಎಂದು ಹಿಡಿದರೆ 8 ಕೋಟಿ ದಾಖಲೆಗಳು ಒಟ್ಟು 16 ಜಿಬಿ ಆಗುತ್ತವೆ. ರಾಕ್ಸ್‌ಡಿಬಿಯ ಸಾಮಾನ್ಯ ಅಳತೆಗಳಲ್ಲಿ ಒಂದನೆಯ ಮಟ್ಟ 256 ಎಂಬಿ, ಮುಂದಿನ ಪ್ರತಿ ಮಟ್ಟ ಹಿಂದಿನದರ ಹತ್ತು ಪಟ್ಟು. ಆ ಲೆಕ್ಕದಲ್ಲಿ ನಿಮ್ಮ ದತ್ತಾಂಶ ಮೂರನೆಯ ಮಟ್ಟದೊಳಗೆ ಹಿಡಿಸುತ್ತದೆ, ಅದರ ಬಹುಪಾಲು ಆ ಕೊನೆಯ ಮಟ್ಟದಲ್ಲೇ ಇರುತ್ತದೆ.

ಈಗ ಒಂದು ಹೊಸ ಪಾರ್ಸೆಲ್ ಸ್ಕ್ಯಾನ್ ಆಯಿತು, ಅದರ ನಂಬರು ಡೇಟಾಬೇಸಿನಲ್ಲಿ ಇಲ್ಲ. ಇಲ್ಲ ಎಂದು ಹೇಳುವುದಕ್ಕೆ ಒಂದು ಕಡೆ ನೋಡಿದರೆ ಸಾಲದು, ಎಲ್ಲ ಕಡೆಯೂ ನೋಡಬೇಕು. ಸೊನ್ನೆಯ ಮಟ್ಟದ ನಾಲ್ಕು ಫೈಲುಗಳಲ್ಲಿ ಪ್ರತಿಯೊಂದೂ ಕೀಗಳ ಪೂರ್ತಿ ಹರವನ್ನು ಆವರಿಸಿರುವುದರಿಂದ ನಾಲ್ಕನ್ನೂ ನೋಡಬೇಕು. ಒಂದು, ಎರಡು ಮತ್ತು ಮೂರನೆಯ ಮಟ್ಟಗಳಲ್ಲಿ ಫೈಲುಗಳು ಒಂದರ ಮೇಲೊಂದು ಬೀಳದಂತೆ ಹರವನ್ನು ಹಂಚಿಕೊಂಡಿರುವುದರಿಂದ ಮಟ್ಟಕ್ಕೆ ಒಂದೊಂದು ಫೈಲು ನೋಡಿದರಾಯಿತು. ಒಟ್ಟು ಏಳು ಫೈಲುಗಳು. ಫೈಲಿನೊಳಗೆ ಯಾವ ಬ್ಲಾಕಿನಲ್ಲಿ ಹುಡುಕಬೇಕು ಎಂಬ ಸೂಚಿ ಮೆಮೊರಿಯಲ್ಲಿದೆ ಎಂದೇ ಇಟ್ಟುಕೊಂಡರೂ ಆ ಬ್ಲಾಕನ್ನು ಡಿಸ್ಕಿನಿಂದ ತರಲೇಬೇಕು. ಹೀಗೆ ಇಲ್ಲದ ಒಂದು ನಂಬರಿಗಾಗಿ ಏಳು ಓದುಗಳಾದವು, ಏಳೂ ಬರಿಗೈಯಲ್ಲಿ ಮರಳಿದವು. ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವ ಡಿಸ್ಕುಗಳಿಗೆ ಸೆಕೆಂಡಿಗೆ ಇಷ್ಟು ಓದು ಎಂಬ ಮಿತಿ ಇರುತ್ತದೆ. ಅಮೆಜಾನಿನ gp3 ಡಿಸ್ಕಿಗೆ ಹೆಚ್ಚುವರಿ ಹಣ ಕೊಡದೆ ಸಿಗುವುದು 3000. ಮೂರು ಸಾವಿರವನ್ನು ಏಳರಿಂದ ಭಾಗಿಸಿದರೆ ಸೆಕೆಂಡಿಗೆ 430 ಸ್ಕ್ಯಾನ್ ಕೂಡ ಬರುವುದಿಲ್ಲ. ನಿಮ್ಮ ಡಿಸ್ಕಿಗೆ ಬಿಡುವಿಲ್ಲದಿರುವುದು ಇದರಿಂದ. ಸಂಜೆ ಲಾರಿಗಳು ಒಟ್ಟಿಗೆ ಬಂದು ನಿಲ್ಲುವ ಹೊತ್ತಿಗೆ ಸ್ಕ್ಯಾನರಿನ ಮುಂದೆ ಸಾಲು ಬೆಳೆಯುತ್ತಿದ್ದರೆ ಅದಕ್ಕೂ ಇದೇ ಕಾರಣವಿರಬಹುದು.

ಫಿಲ್ಟರ್ ಈ ಏಳು ಬಾಗಿಲುಗಳಲ್ಲಿ ಒಂದೊಂದರ ಮುಂದೆಯೂ ನಿಲ್ಲುತ್ತದೆ. ಇದನ್ನು ಗಮನಿಸಿ: ಇಡೀ ಡೇಟಾಬೇಸಿಗೆ ಒಂದು ಫಿಲ್ಟರ್ ಅಲ್ಲ, ಪ್ರತಿ ಫೈಲಿಗೂ ತನ್ನದೇ ಆದ ಒಂದು ಫಿಲ್ಟರ್. ಫೈಲನ್ನು ಬರೆಯುವಾಗಲೇ ಅದರ ಕೀಗಳನ್ನೆಲ್ಲ ಒಂದೊಂದಾಗಿ ಫಿಲ್ಟರಿಗೂ ದಾಟಿಸಿ, ಕೊನೆಗೆ ಅದನ್ನು ಅದೇ ಫೈಲಿನಲ್ಲಿ ಒಂದು ಬ್ಲಾಕಾಗಿ ಸೇರಿಸುತ್ತಾರೆ.

ಫಿಲ್ಟರ್ ಎಂದರೆ ಬಿಟ್‌ಗಳ ಒಂದು ಉದ್ದನೆಯ ಸಾಲು, ಅಷ್ಟೇ. ಕೈಯಲ್ಲಿ ಬಿಡಿಸಿ ನೋಡಲು ಹದಿನಾರು ಬಿಟ್‌ಗಳ ಒಂದು ಪುಟ್ಟ ಸಾಲನ್ನು ತೆಗೆದುಕೊಳ್ಳೋಣ. 0ರಿಂದ 15ರವರೆಗೆ ಮನೆಗಳು, ಎಲ್ಲದರಲ್ಲೂ ಮೊದಲಿಗೆ ಸೊನ್ನೆ. ಪ್ರತಿ ನಂಬರಿಗೂ ಹ್ಯಾಶ್ ಲೆಕ್ಕ ಮಾಡಿ ಮೂರು ಮನೆಗಳನ್ನು ಆರಿಸುತ್ತೇವೆ. ಅದೇ ನಂಬರಿಗೆ ಯಾವಾಗ ಲೆಕ್ಕ ಮಾಡಿದರೂ ಅದೇ ಮೂರು ಮನೆಗಳು ಬರುತ್ತವೆ. ಪಾರ್ಸೆಲ್ 417ಕ್ಕೆ 2, 7, 13 ಬಂತು ಎನ್ನಿ. ಆ ಮೂರು ಮನೆಗಳಲ್ಲಿ ಒಂದು ಎಂದು ಬರೆಯುತ್ತೇವೆ. ಪಾರ್ಸೆಲ್ 582ಕ್ಕೆ 4, 7, 11. ಇಲ್ಲಿ ಏಳನೆಯ ಮನೆಯಲ್ಲಿ ಆಗಲೇ ಒಂದು ಇದೆ, ಇರಲಿ. ಪಾರ್ಸೆಲ್ 936ಕ್ಕೆ 0, 9, 13. ಮೂರೂ ಸೇರಿದ ಮೇಲೆ ಸಾಲು ಹೀಗಿದೆ:

```
ಮನೆ: 0 1 2 3 4 5 6 7 8 9 10 11 12 13 14 15
ಬಿಟ್: 1 0 1 0 1 0 0 1 0 1  0  1  0  1  0  0
```

ಈಗ 650 ಇದೆಯೇ ಎಂದು ಕೇಳುತ್ತೇವೆ. ಅದರ ಮನೆಗಳು 4, 10, 13. ಹತ್ತನೆಯ ಮನೆಯಲ್ಲಿ ಸೊನ್ನೆ ಇದೆ. 650 ಈ ಫೈಲಿಗೆ ಸೇರಿದ್ದಿದ್ದರೆ ಹತ್ತನೆಯ ಮನೆಯಲ್ಲಿ ಒಂದು ಬಿದ್ದಿರಲೇಬೇಕಿತ್ತು, ಬಿದ್ದ ಒಂದನ್ನು ಯಾರೂ ಅಳಿಸುವುದಿಲ್ಲ. ಹಾಗಾಗಿ ಅದು ಇಲ್ಲ ಎಂಬುದು ಊಹೆಯಲ್ಲ, ಸಿದ್ಧವಾದ ಮಾತು. ಇನ್ನು 271ನ್ನು ಕೇಳೋಣ; ಅದರ ಮನೆಗಳು 2, 9, 11. ಮೂರರಲ್ಲೂ ಒಂದು ಇದೆ. ಆದರೆ 2ನ್ನು ಬರೆದದ್ದು 417, 9ನ್ನು ಬರೆದದ್ದು 936, 11ನ್ನು ಬರೆದದ್ದು 582. ಬೇರೆ ಬೇರೆಯವರ ಗುರುತುಗಳು ಕೂಡಿ, ಬಾರದವನು ಬಂದಂತೆ ಕಾಣುತ್ತಿದೆ. ಫಿಲ್ಟರ್ ‘ಇರಬಹುದು’ ಎನ್ನುತ್ತದೆ, ಡೇಟಾಬೇಸ್ ಬ್ಲಾಕನ್ನು ಓದುತ್ತದೆ, 271 ಅಲ್ಲಿರುವುದಿಲ್ಲ. ಫಿಲ್ಟರಿನ ತಪ್ಪು ಎಂದರೆ ಇಷ್ಟೇ.

ಇದನ್ನು ಬರ್ಟನ್ ಬ್ಲೂಮ್ ಅವರು 1970ರಲ್ಲಿ ಪ್ರಕಟಿಸಿದರು. ಆಗ ಅವರು ಕೊಟ್ಟ ಉದಾಹರಣೆಯೂ ಡಿಸ್ಕಿಗೆ ಹೋಗುವುದನ್ನು ತಪ್ಪಿಸುವುದೇ ಆಗಿತ್ತು ಎಂಬುದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ. ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಪದವನ್ನು ಎಲ್ಲಿ ಒಡೆಯಬೇಕೆಂದು ತಿಳಿಸುವ ಪ್ರೋಗ್ರಾಂ ಅದು. ಕನ್ನಡದಲ್ಲಾದರೆ ಅಕ್ಷರದ ಗಡಿಯಲ್ಲಿ ಒಡೆದರಾಯಿತು. ಇಂಗ್ಲಿಷಿನಲ್ಲಿ ಅಷ್ಟು ಸುಲಭವಲ್ಲ. ಐದು ಲಕ್ಷ ಪದಗಳಲ್ಲಿ ನೂರಕ್ಕೆ ತೊಂಬತ್ತನ್ನು ಸರಳ ನಿಯಮಗಳಿಂದ ಒಡೆಯಬಹುದು, ಉಳಿದ ಹತ್ತಕ್ಕೆ ಡಿಸ್ಕಿನಲ್ಲಿರುವ ನಿಘಂಟನ್ನು ನೋಡಬೇಕು ಎಂಬುದು ಅವರ ಲೆಕ್ಕ. ಈ ಪದ ಆ ಹತ್ತರಲ್ಲಿ ಸೇರಿದೆಯೇ ಎಂದು ಮೆಮೊರಿಯಲ್ಲೇ ಅಗ್ಗವಾಗಿ ತಿಳಿಯುವಂತಾದರೆ, ಬಹುಪಾಲು ಪದಗಳಿಗೆ ಡಿಸ್ಕಿನ ಗೊಡವೆಯೇ ಇರುವುದಿಲ್ಲ. ನಿಮ್ಮ ಗೋಡೌನಿನ ಹತ್ತರಲ್ಲಿ ಒಂಬತ್ತಕ್ಕೂ ಅವರ ಹತ್ತರಲ್ಲಿ ಒಂಬತ್ತಕ್ಕೂ ಇರುವ ಹೋಲಿಕೆಯನ್ನು ನೀವೇ ನೋಡುತ್ತೀರಿ.

ಎಷ್ಟು ಬಿಟ್ ಕೊಡಬೇಕು ಎಂಬುದಕ್ಕೆ ಬರೋಣ. ರೂಢಿಯಲ್ಲಿರುವುದು ಕೀಗೆ ಹತ್ತು ಬಿಟ್. ಹತ್ತು ಬಿಟ್ ಕೊಟ್ಟು ಪ್ರತಿ ಕೀಗೆ ಆರು ಮನೆಗಳಲ್ಲಿ ಗುರುತು ಹಾಕಿದರೆ, ಎಲ್ಲ ಕೀಗಳೂ ಸೇರಿದ ಮೇಲೆ ನೂರು ಮನೆಗಳಲ್ಲಿ ಸುಮಾರು ನಲವತ್ತೈದರಲ್ಲಿ ಒಂದು ಇರುತ್ತದೆ. ಆರು ಎಂದರೆ ಅರವತ್ತು ತುಂಬಬೇಕಲ್ಲವೇ ಎಂದರೆ, ಹಲವು ಗುರುತುಗಳು ಮೇಲೆ ಕಂಡ ಏಳನೆಯ ಮನೆಯಂತೆ ಒಂದೇ ಮನೆಗೆ ಬೀಳುತ್ತವೆ. ಇಲ್ಲದ ಒಂದು ಕೀಯನ್ನು ಕೇಳಿದಾಗ ಅದರ ಆರೂ ಮನೆಗಳಲ್ಲಿ ಆಕಸ್ಮಿಕವಾಗಿ ಒಂದು ಇರುವ ಸಾಧ್ಯತೆ 0.45ನ್ನು ಆರು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 0.84. ರಾಕ್ಸ್‌ಡಿಬಿ ವೇಗಕ್ಕಾಗಿ ಒಂದು ಕೀಯ ಗುರುತುಗಳನ್ನೆಲ್ಲ ಮೆಮೊರಿಯ 64 ಬೈಟ್‌ಗಳ ಒಂದೇ ತುಂಡಿನಲ್ಲಿ ಇಡುವುದರಿಂದ ಈ ಲೆಕ್ಕ ತುಸು ಏರುತ್ತದೆ. ನೂರಕ್ಕೆ ಒಂದು ಎಂದು ಹಿಡಿದರೆ ಮೋಸವಿಲ್ಲ. ಕೀ ಎಷ್ಟು ಉದ್ದವಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹದಿನಾರು ಬೈಟಿನ ನಂಬರಿಗೂ ನೂರು ಬೈಟಿನ ವಿಳಾಸಕ್ಕೂ ಅದೇ ಹತ್ತು ಬಿಟ್. 8 ಕೋಟಿ ಕೀಗಳಿಗೆ 80 ಕೋಟಿ ಬಿಟ್, ಅಂದರೆ 100 ಎಂಬಿ ಮೆಮೊರಿ. ಹದಿನಾರು ಜಿಬಿ ದತ್ತಾಂಶದ ಮುಂದೆ ಅದು ಬಹಳ ಚಿಕ್ಕದು.

ಇದರ ಫಲವನ್ನು ಒಂದು ಸಾವಿರ ಸ್ಕ್ಯಾನಿಗೆ ಲೆಕ್ಕ ಹಾಕೋಣ. ಫಿಲ್ಟರ್ ಇಲ್ಲದಿದ್ದಾಗ, ಇಲ್ಲದ 900 ನಂಬರುಗಳಿಗೆ ತಲಾ ಏಳರಂತೆ 6300 ಓದುಗಳು. ಇರುವ 100 ನಂಬರುಗಳು ಹೆಚ್ಚಾಗಿ ಕೊನೆಯ ಮಟ್ಟದಲ್ಲೇ ಸಿಗುವುದರಿಂದ, ಅವಕ್ಕೂ ಮೇಲಿನ ಆರು ಕಡೆ ಸುಮ್ಮನೆ ನೋಡಿ ಏಳನೆಯದರಲ್ಲಿ ಕಂಡು, 700 ಓದುಗಳು. ಒಟ್ಟು 7000. ಫಿಲ್ಟರ್ ಇದ್ದಾಗ, ಇಲ್ಲದ 900ಕ್ಕೆ 6300 ಸಲ ಫಿಲ್ಟರನ್ನು ಕೇಳಿ, ಅದರಲ್ಲಿ ನೂರಕ್ಕೊಂದು ತಪ್ಪಿ, 63 ಓದುಗಳು. ಇರುವ 100ಕ್ಕೆ ತಲಾ ಒಂದು ನಿಜವಾದ ಓದು, ಜೊತೆಗೆ ಮೇಲಿನ ಮಟ್ಟಗಳಲ್ಲಿ ತಪ್ಪಿದವು ಆರು, ಒಟ್ಟು 106. ಎರಡೂ ಸೇರಿ 169. ಏಳು ಸಾವಿರ ಇದ್ದದ್ದು ನೂರ ಅರವತ್ತೊಂಬತ್ತಕ್ಕೆ ಇಳಿಯಿತು. ಓದಿದ ಬ್ಲಾಕುಗಳನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ಬ್ಲಾಕ್ ಕ್ಯಾಶೆಯಲ್ಲಿ ಸಿಗುವ ಓದುಗಳನ್ನು ನಾನು ಎರಡೂ ಕಡೆ ಬಿಟ್ಟಿದ್ದೇನೆ. ನಂಬರುಗಳು ಕ್ರಮವಿಲ್ಲದವಾದ್ದರಿಂದ ದೊಡ್ಡದಾದ ಕೊನೆಯ ಮಟ್ಟಕ್ಕೆ ಕ್ಯಾಶೆಯಿಂದ ಹೆಚ್ಚು ನೆರವಾಗದು, ಮೇಲಿನ ಚಿಕ್ಕ ಮಟ್ಟಗಳಿಗೆ ಸ್ವಲ್ಪ ಆಗುತ್ತದೆ. ಹಾಗಾಗಿ ನಿಮ್ಮಲ್ಲಿ ಮೊದಲಿನ ಸಂಖ್ಯೆ ಏಳು ಸಾವಿರಕ್ಕಿಂತ ಕಡಿಮೆ ಕಂಡರೆ ಆಶ್ಚರ್ಯಪಡಬೇಡಿ.

ಈ ಲೆಕ್ಕದಲ್ಲಿ ಬಹಳ ಮಂದಿ ಗಮನಿಸದೆ ಹೋಗುವ ಒಂದು ಅಂಶವಿದೆ. ಇರುವ ನಂಬರನ್ನು ಹುಡುಕುವಾಗಲೂ ಫಿಲ್ಟರ್ ಏಳನ್ನು ಒಂದಕ್ಕೆ ಇಳಿಸಿತು. ‘ಇದೆ’ ಎಂಬ ಒಂದು ಉತ್ತರದೊಳಗೆ ಆರು ‘ಇಲ್ಲ’ಗಳು ಅಡಗಿದ್ದವು, ಅವನ್ನೂ ಅದು ಉಳಿಸಿತು. ನಮ್ಮಲ್ಲಿ ಇಲ್ಲದ ಕೀಗಳನ್ನು ಯಾರೂ ಕೇಳುವುದಿಲ್ಲ, ನಮಗೆ ಫಿಲ್ಟರ್ ಬೇಡ ಎನ್ನುವವರು ಇದನ್ನು ಯೋಚಿಸಬೇಕು.

ಹತ್ತರ ಬದಲು ಹದಿನೈದು ಬಿಟ್ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ತಪ್ಪು ಸಾವಿರಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ ನಿಜ, 63 ಓದುಗಳು ಆರೇಳು ಆಗುತ್ತವೆ. ಆದರೆ ನೂರು ನಿಜವಾದ ಓದುಗಳನ್ನು ಯಾವ ಫಿಲ್ಟರೂ ಕಡಿಮೆ ಮಾಡಲಾರದು. 169 ಇದ್ದದ್ದು 106ರ ಆಸುಪಾಸಿಗೆ ಬರುತ್ತದೆ, ಮೆಮೊರಿ 150 ಎಂಬಿಗೆ ಏರುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಹತ್ತರಲ್ಲೇ ನಿಲ್ಲುತ್ತೇನೆ. ಐದಕ್ಕಂತೂ ಇಳಿಸುವುದಿಲ್ಲ, ಆಗ ನೂರಕ್ಕೆ ಒಂಬತ್ತು ತಪ್ಪಾಗಿ 63ರ ಜಾಗದಲ್ಲಿ 570ರಷ್ಟು ಓದುಗಳು ಬರುತ್ತವೆ.

ಈಗ ನಿಮ್ಮ ಫಿಲ್ಟರ್ ಏಕೆ ಕೆಲಸ ಮಾಡುತ್ತಿಲ್ಲ ಎಂಬುದು. `Seek` ಕೇಳುವ ಪ್ರಶ್ನೆ ‘ಈ ನಂಬರು ಇದೆಯೇ’ ಎಂಬುದಲ್ಲ. ‘ಈ ನಂಬರು ಅಥವಾ ಇದರ ಮುಂದಿನದು ಯಾವುದಿದೆ’ ಎಂಬುದು. ಫಿಲ್ಟರಿಗೆ ಮುಂದಿನದು ಎಂಬ ಕಲ್ಪನೆಯೇ ಇಲ್ಲ. ಹ್ಯಾಶ್ ಮಾಡಿದ ಮೇಲೆ 417ಕ್ಕೂ 418ಕ್ಕೂ ನಂಟು ಉಳಿಯುವುದಿಲ್ಲ. ಆದ್ದರಿಂದ ಕೀಯ ಮುಂಭಾಗಕ್ಕೆ ಬೇರೆ ಏರ್ಪಾಡು ಮಾಡಿರದಿದ್ದರೆ `Seek` ಮಾಡುವಾಗ ರಾಕ್ಸ್‌ಡಿಬಿ ಫಿಲ್ಟರನ್ನು ಕೇಳುವುದೇ ಇಲ್ಲ, ಏಳೂ ಫೈಲುಗಳಿಗೆ ನೇರವಾಗಿ ಹೋಗುತ್ತದೆ. ನಿಮಗೆ ಬೇಕಿರುವುದು ಇದೆಯೇ ಇಲ್ಲವೇ ಎಂಬುದು ಮಾತ್ರ, ಆದ್ದರಿಂದ ಅಲ್ಲಿ `Get` ಬಳಸಿ. ಅದು ‘ಸಿಗಲಿಲ್ಲ’ ಎಂದು ಮರಳಿದರೆ ಪಾರ್ಸೆಲ್ ಹೊಸದು. ಈ ಒಂದು ಬದಲಾವಣೆ ಇಲ್ಲದೆ ಉಳಿದದ್ದೆಲ್ಲ ವ್ಯರ್ಥ.

ಅದನ್ನು ಮಾಡಿದ ಮೇಲೂ ಫಲ ಕೂಡಲೇ ಪೂರ್ತಿ ಕಾಣುವುದಿಲ್ಲ. ಫಿಲ್ಟರ್ ಹುಟ್ಟುವುದು ಫೈಲಿನ ಜೊತೆಯಲ್ಲಿ ಎಂದೆನಷ್ಟೆ. ನೀವು ಫಿಲ್ಟರ್ ಹಾಕುವ ಮುನ್ನ ಬರೆದ ಫೈಲುಗಳಿಗೆ ಅದು ಇಲ್ಲ, ಅವು ಕಂಪ್ಯಾಕ್ಷನ್ನಿನಲ್ಲಿ ಹೊಸದಾಗಿ ಬರೆಯಲ್ಪಡುವವರೆಗೆ ಬರುವುದೂ ಇಲ್ಲ. ಕೊನೆಯ ಮಟ್ಟದ ಫೈಲುಗಳು ತಿಂಗಳುಗಟ್ಟಲೆ ಹಾಗೇ ಕುಳಿತಿರಬಹುದು. ಒಮ್ಮೆ ಕೈಯಿಂದಲೇ ಪೂರ್ತಿ ಕಂಪ್ಯಾಕ್ಷನ್ ನಡೆಸುವುದು ಮೇಲು. ಆಗ ಕೊನೆಯ ಮಟ್ಟವನ್ನೂ ಮತ್ತೆ ಬರೆಯಬೇಕೆಂದು ಸ್ಪಷ್ಟವಾಗಿ ಹೇಳದಿದ್ದರೆ ರಾಕ್ಸ್‌ಡಿಬಿ ಅದನ್ನು ಬಿಟ್ಟುಬಿಡಬಹುದು:

```cpp
rocksdb::BlockBasedTableOptions t;
t.filter_policy.reset(rocksdb::NewBloomFilterPolicy(10));
options.table_factory.reset(
    rocksdb::NewBlockBasedTableFactory(t));
options.statistics = rocksdb::CreateDBStatistics();
// ಈ options ಕೊಟ್ಟು db ತೆರೆದ ಮೇಲೆ:

rocksdb::CompactRangeOptions c;
c.bottommost_level_compaction =
    rocksdb::BottommostLevelCompaction::kForce;
db->CompactRange(c, nullptr, nullptr);
```

ಹದಿನಾರು ಜಿಬಿಯನ್ನು ಓದಿ ಮತ್ತೆ ಬರೆಯುವ ಕೆಲಸವಿದು; ಡಿಸ್ಕಿನಲ್ಲಿ ಅಷ್ಟೇ ಖಾಲಿ ಜಾಗವಿದೆಯೇ ಎಂದು ನೋಡಿಕೊಂಡು, ಗೋಡೌನಿನಲ್ಲಿ ಸ್ಕ್ಯಾನ್ ಕಡಿಮೆ ಇರುವ ಹೊತ್ತಿನಲ್ಲಿ ನಡೆಸಿ.

ಎಲ್ಲಿಂದಲೋ ನಕಲು ಮಾಡಿದ ಸಂರಚನೆಯಲ್ಲಿ `optimize_filters_for_hits` ಎಂಬುದು ಆನ್ ಆಗಿದೆಯೇ ಎಂದೂ ನೋಡಿ. ಅದು ಕೊನೆಯ ಮಟ್ಟಕ್ಕೆ ಫಿಲ್ಟರ್ ಕಟ್ಟುವುದನ್ನು ಬಿಟ್ಟು ಮೆಮೊರಿ ಉಳಿಸುತ್ತದೆ. ಕೇಳಿದ ಕೀ ಸಾಮಾನ್ಯವಾಗಿ ಸಿಕ್ಕೇ ಸಿಗುವ ಕಡೆ ಅದು ಜಾಣತನದ ಆಯ್ಕೆ, ಏಕೆಂದರೆ ಕೊನೆಯ ಮಟ್ಟದಲ್ಲಿ ಹೇಗೂ ಓದಲೇಬೇಕು. ನಿಮ್ಮಲ್ಲಿ ಅದು ತಿರುಗುಮುರುಗು: ಇಲ್ಲದ 900 ನಂಬರುಗಳಿಗೂ ತಲಾ ಒಂದು ಓದು ಬಿದ್ದು, 169ರ ಜಾಗದಲ್ಲಿ ಸಾವಿರ ದಾಟುತ್ತದೆ.

ಇನ್ನೊಂದು ತೊಡಕು ಮೆಮೊರಿಯದು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫಿಲ್ಟರ್ ಅಗ್ಗವಾಗುವುದು ಅದು ಮೆಮೊರಿಯಲ್ಲಿ ಇದ್ದರೆ ಮಾತ್ರ. ಸಾಮಾನ್ಯ ಸ್ಥಿತಿಯಲ್ಲಿ ರಾಕ್ಸ್‌ಡಿಬಿ ತೆರೆದ ಫೈಲುಗಳ ಫಿಲ್ಟರುಗಳನ್ನು ಬ್ಲಾಕ್ ಕ್ಯಾಶೆಯ ಹೊರಗೆ, ಅದರ ಮಿತಿಗೆ ಸಿಗದಂತೆ ಇಟ್ಟುಕೊಳ್ಳುತ್ತದೆ. ದತ್ತಾಂಶ ಬೆಳೆದಂತೆ ಈ ಮೆಮೊರಿಯೂ ಬೆಳೆಯುತ್ತದೆ. ಅದು ಎಲ್ಲಿ ಹೋಗುತ್ತಿದೆ ಎಂದು ತಿಳಿಯದೆ ಕೆಲವರು ಗಾಬರಿಯಾಗಿ `cache_index_and_filter_blocks` ಅನ್ನು `true` ಮಾಡುತ್ತಾರೆ, ಆಗ ಫಿಲ್ಟರುಗಳು ಕ್ಯಾಶೆಯೊಳಗೆ ಬಂದು ಉಳಿದ ಬ್ಲಾಕುಗಳೊಂದಿಗೆ ಜಾಗಕ್ಕಾಗಿ ಪೈಪೋಟಿ ಮಾಡಬೇಕಾಗುತ್ತದೆ. ಮಾಡುವುದು ತಪ್ಪಲ್ಲ, ಆದರೆ ಕ್ಯಾಶೆ ಚಿಕ್ಕದಿದ್ದರೆ ಫಿಲ್ಟರುಗಳು ಹೊರಬೀಳುತ್ತವೆ. 64 ಎಂಬಿಯ ಒಂದು ಫೈಲಿನಲ್ಲಿ 200 ಬೈಟಿನ ದಾಖಲೆಗಳು ಮೂರೂ ಕಾಲು ಲಕ್ಷಕ್ಕಿಂತ ಹೆಚ್ಚು. ಕೀಗೆ ಹತ್ತು ಬಿಟ್‌ನಂತೆ ಅದರ ಫಿಲ್ಟರ್ 400 ಕೆಬಿಗೂ ಮೀರುತ್ತದೆ. ದತ್ತಾಂಶದ ಒಂದು ಬ್ಲಾಕ್ ಸಾಮಾನ್ಯವಾಗಿ 4 ಕೆಬಿ. ಫಿಲ್ಟರ್ ಹೊರಬಿದ್ದಿದ್ದರೆ, ನಾಲ್ಕು ಕೆಬಿಯ ಓದನ್ನು ತಪ್ಪಿಸುವುದಕ್ಕಾಗಿ ನಾನೂರು ಕೆಬಿ ಓದಿದಂತಾಗುತ್ತದೆ. ಡಿಸ್ಕಿನಿಂದ ಬರುವ ಬೈಟುಗಳು ಏರಿ, ಓದುಗಳ ಸಂಖ್ಯೆ ನಿರೀಕ್ಷಿಸಿದಷ್ಟು ಇಳಿಯದಿದ್ದರೆ ಮೊದಲು ಇದನ್ನೇ ಶಂಕಿಸಬೇಕು. `rocksdb.block.cache.filter.miss` ಎಂಬ ಎಣಿಕೆ ಒಂದೇ ಸಮನೆ ಏರುತ್ತಿದ್ದರೆ ಶಂಕೆ ನಿಜ. ನಿಮಗೆ ಬೇಕಾದ 100 ಎಂಬಿಯನ್ನು ಕ್ಯಾಶೆಯ ಅಳತೆಯಲ್ಲಿ ಮೊದಲೇ ಸೇರಿಸಿಕೊಂಡರೆ ಈ ಕಷ್ಟ ಬರುವುದಿಲ್ಲ.

ಎಲ್ಲ ಸರಿಯಾಗಿದೆಯೇ ಎಂಬುದನ್ನು ನೋಡಲು ಮೂರು ಎಣಿಕೆಗಳು ಸಾಕು. ಹತ್ತು ಲಕ್ಷ ಸ್ಕ್ಯಾನ್ ಆದ ಮೇಲೆ, ನಮ್ಮ ಲೆಕ್ಕ ನಿಜವಾದರೆ, ಅವು ಹೀಗಿರಬೇಕು:

```
rocksdb.bloom.filter.useful COUNT : 6831000
rocksdb.bloom.filter.full.positive COUNT : 169000
rocksdb.bloom.filter.full.true.positive COUNT : 100000
```

ಮೊದಲನೆಯದು ಫಿಲ್ಟರ್ ‘ಇಲ್ಲ’ ಎಂದು ಹೇಳಿ ತಪ್ಪಿಸಿದ ಓದುಗಳು. ಎರಡನೆಯದು ‘ಇರಬಹುದು’ ಎಂದವು, ಮೂರನೆಯದು ಅವುಗಳಲ್ಲಿ ನಿಜವಾಗಿಯೂ ಇದ್ದವು. ಎರಡರಿಂದ ಮೂರನ್ನು ಕಳೆದರೆ ಸುಳ್ಳಾದವು 69,000. ಇಲ್ಲದ ಕೀಗಾಗಿ ಫಿಲ್ಟರನ್ನು ಕೇಳಿದ್ದು ಒಟ್ಟು 68,31,000 ಮತ್ತು 69,000 ಸೇರಿ 69 ಲಕ್ಷ ಸಲ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸರಿಯಾಗಿ ನೂರಕ್ಕೆ ಒಂದು. ನಿಮ್ಮಲ್ಲಿ ಈಗ `useful` ಸೊನ್ನೆಯಲ್ಲೇ ನಿಂತಿರುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. `Get`ಗೆ ಬದಲಾಯಿಸಿದ ದಿನ ಅದು ಏರಲು ಆರಂಭಿಸುತ್ತದೆ, ಕಂಪ್ಯಾಕ್ಷನ್ ಮುಗಿದ ಮೇಲೆ ಸ್ಕ್ಯಾನಿಗೆ ಏಳರ ಹತ್ತಿರ ಬರುತ್ತದೆ.

ಇಷ್ಟೆಲ್ಲ ರಗಳೆ ಏಕೆ, ಪ್ರೋಗ್ರಾಮಿನಲ್ಲೇ 8 ಕೋಟಿ ನಂಬರಿಗೆ ಒಂದು ಫಿಲ್ಟರ್ ಕಟ್ಟಿ ಡೇಟಾಬೇಸಿನ ಮುಂದೆ ಇಟ್ಟರಾಗದೇ ಎಂಬ ಯೋಚನೆ ನಿಮಗೂ ಬರಬಹುದು. ನಾನು ಅದನ್ನು ಮಾಡಿ ನೋಡಿದ್ದೇನೆ. ಅಂಧೇರಿಯಲ್ಲಿ ಒಂದು ಕಂಪನಿಯಲ್ಲಿದ್ದಾಗ ಒಂದು ಕೋಟಿ ಕೀಗಳಿಗೆಂದು ಕೀಗೆ ಹತ್ತು ಬಿಟ್ ಲೆಕ್ಕದಲ್ಲಿ ನಾವೇ ಫಿಲ್ಟರ್ ಕಟ್ಟಿದ್ದೆವು. ವ್ಯವಹಾರ ಬೆಳೆಯಿತು, ಕೀಗಳು ಎಂಟು ಕೋಟಿಯಾದವು, ಫಿಲ್ಟರಿನ ಅಳತೆಯನ್ನು ಯಾರೂ ಮುಟ್ಟಲಿಲ್ಲ. ಹತ್ತು ಕೋಟಿ ಮನೆಗಳಿಗೆ ನಲವತ್ತೆಂಟು ಕೋಟಿ ಗುರುತುಗಳು ಬಿದ್ದರೆ ಸೊನ್ನೆ ಉಳಿಯುವುದು ನೂರರಲ್ಲಿ ಒಂದು ಮನೆಯಲ್ಲೂ ಇಲ್ಲ. ಇಲ್ಲದ ನೂರು ಕೀಗಳಲ್ಲಿ ತೊಂಬತ್ತೈದಕ್ಕೆ ಅದು ‘ಇರಬಹುದು’ ಎನ್ನುತ್ತಿತ್ತು. ಉತ್ತರಗಳು ಒಂದೂ ತಪ್ಪಾಗದ್ದರಿಂದ ಯಾರ ಗಮನಕ್ಕೂ ಬರಲಿಲ್ಲ, ಎಲ್ಲವೂ ನಿಧಾನವಾಯಿತು ಅಷ್ಟೇ. ತಿಂಗಳುಗಟ್ಟಲೆ ನಾವು ಡಿಸ್ಕನ್ನೇ ದೂರುತ್ತಿದ್ದೆವು. ಅದಕ್ಕಿಂತ ಕೆಟ್ಟದ್ದು ಮುಂದೆ ಆಯಿತು: ಸರ್ವರ್ ಹಠಾತ್ತಾಗಿ ನಿಂತಾಗ ಡೇಟಾಬೇಸಿಗೆ ಬರೆದಾಗಿದ್ದ ಕೆಲವು ಕೀಗಳು ಫಿಲ್ಟರಿಗೆ ಸೇರಿರಲಿಲ್ಲ. ಮತ್ತೆ ಎದ್ದ ಮೇಲೆ ಫಿಲ್ಟರ್ ಆ ಕೀಗಳಿಗೆ ‘ಇಲ್ಲ’ ಎಂದಿತು, ಪ್ರೋಗ್ರಾಂ ನಂಬಿತು, ದಾಖಲೆಗಳು ಎರಡೆರಡು ಸಲ ಕುಳಿತವು. ‘ಇಲ್ಲ’ ಎಂದರೆ ಖಂಡಿತ ಇಲ್ಲ ಎಂಬ ಮಾತು ನಿಲ್ಲುವುದು ಪ್ರತಿ ಕೀಯೂ ಫಿಲ್ಟರಿಗೆ ತಪ್ಪದೆ ಸೇರಿದ್ದಾಗ ಮಾತ್ರ. ಫೈಲಿನೊಂದಿಗೇ ಹುಟ್ಟಿ, ಫೈಲಿನಂತೆಯೇ ಮತ್ತೆ ತಿದ್ದಲಾಗದ ಫಿಲ್ಟರಿನಲ್ಲಿ ಈ ಎರಡು ಅಪಾಯಗಳೂ ಇಲ್ಲ: ಎಷ್ಟು ಕೀಗಳಿವೆ ಎಂಬುದು ಕಟ್ಟುವಾಗಲೇ ಗೊತ್ತು, ಆಮೇಲೆ ಒಂದೂ ಸೇರುವುದಿಲ್ಲ.

ದಾಖಲೆ ಅಳಿಸಿದಾಗ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ರಾಕ್ಸ್‌ಡಿಬಿ ಅಳಿಸುವುದೆಂದರೆ ‘ಇದು ಅಳಿಸಿದೆ’ ಎಂಬ ಗುರುತನ್ನು ಹೊಸ ಫೈಲಿನಲ್ಲಿ ಬರೆಯುವುದು. ಆ ಗುರುತಿಗೂ ಅದೇ ಕೀ ಇರುವುದರಿಂದ ಫಿಲ್ಟರ್ ‘ಇರಬಹುದು’ ಎನ್ನುತ್ತದೆ, ಒಂದು ಓದು ಬೀಳುತ್ತದೆ. ಹಳೆಯ ಪಾರ್ಸೆಲ್‌ಗಳನ್ನು ನೀವು ದಿನವೂ ಅಳಿಸುತ್ತಿದ್ದು, ಆ ನಂಬರುಗಳನ್ನೇ ಮತ್ತೆ ಕೇಳುತ್ತಿದ್ದರೆ ಮಾತ್ರ ಇದು ಹೊರೆಯಾಗುತ್ತದೆ. ಕಂಪ್ಯಾಕ್ಷನ್ ಆ ಗುರುತುಗಳನ್ನು ಕೊನೆಯ ಮಟ್ಟದವರೆಗೆ ಒಯ್ದು ತೆಗೆದುಹಾಕಿದಾಗ ಹೊರೆಯೂ ಇಳಿಯುತ್ತದೆ.

ನಿಮ್ಮ ನಂಬರುಗಳಿಗೆ ಕ್ರಮವಿಲ್ಲ ಎಂದು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಮೇಲಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಪ್ರತಿ ಫೈಲಿನ ಅತಿ ಚಿಕ್ಕ ಮತ್ತು ಅತಿ ದೊಡ್ಡ ಕೀಗಳು ಡೇಟಾಬೇಸಿಗೆ ಮೊದಲೇ ಗೊತ್ತು. ಕೇಳಿದ ಕೀ ಆ ಹರವಿನಿಂದ ಹೊರಗಿದ್ದರೆ ಫಿಲ್ಟರನ್ನೂ ಕೇಳದೆ ಫೈಲನ್ನು ಬಿಟ್ಟುಬಿಡುತ್ತದೆ. ನಂಬರುಗಳು ಏರುಕ್ರಮದಲ್ಲಿ ಬರುವಂತಿದ್ದರೆ ಹೊಸ ಪಾರ್ಸೆಲ್‌ನ ನಂಬರು ಹಳೆಯ ಎಲ್ಲ ಫೈಲುಗಳ ಹರವನ್ನು ದಾಟಿರುತ್ತಿತ್ತು, ಆಗ ಫಿಲ್ಟರ್ ಇಲ್ಲದೆಯೇ ಓದುಗಳು ಬಹುತೇಕ ಸೊನ್ನೆಯಾಗುತ್ತಿದ್ದವು. ಮುಂದೆ ನಿಮ್ಮ ಕಂಪನಿ ನಂಬರಿನ ಮುಂಭಾಗದಲ್ಲಿ ದಿನಾಂಕ ಸೇರಿಸುವ ಮಾತು ಬಂದರೆ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಆಗ `useful` ಎಣಿಕೆ ಬಹಳ ಕಡಿಮೆಯಾದರೂ ಅದು ಕೆಟ್ಟ ಸುದ್ದಿಯಲ್ಲ, ಡಿಸ್ಕಿನ ಓದುಗಳೂ ಅದರೊಂದಿಗೆ ಇಳಿದಿವೆಯೇ ಎಂದಷ್ಟೇ ನೋಡಿಕೊಳ್ಳಿ.